ಕಳಿಸಿದ ಮೇಲ್ ಸೇರದಿದ್ದಾಗ ಐಪಿ ವಿಳಾಸದ ಹೆಸರು ಕೇಳಿ ನೋಡಿ

ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘ ತನ್ನ ವೆಬ್‌ಸೈಟ್ ಮತ್ತು ಮೇಲ್ ಎರಡನ್ನೂ ಬಾಡಿಗೆ ಸರ್ವರ್ ಒಂದರಲ್ಲಿ ನಡೆಸುತ್ತಿತ್ತು. ವರ್ಷಗಟ್ಟಲೆ ತೊಂದರೆಯಿರಲಿಲ್ಲ. ಬಾಡಿಗೆ ಜಾಸ್ತಿಯಾಯಿತೆಂದು ಬೇರೆ ಹೋಸ್ಟಿಂಗ್ ಕಂಪನಿಯ ಸರ್ವರಿಗೆ ಎಲ್ಲವನ್ನೂ ಸಾಗಿಸಿದರು. ವೆಬ್‌ಸೈಟ್ ಚೆನ್ನಾಗಿ ತೆರೆದುಕೊಂಡಿತು, ಹೊರಗಿನಿಂದ ಮೇಲ್ ಬರುತ್ತಿತ್ತು, ಸಿಬ್ಬಂದಿಯ ಲಾಗಿನ್ ಎಲ್ಲವೂ ಸರಿಯಿತ್ತು. ಸರ್ವಸದಸ್ಯರ ಸಭೆಯ ನೋಟಿಸನ್ನು ಸದಸ್ಯರಿಗೆ ಮೇಲ್ ಮಾಡಿದಾಗ ಮಾತ್ರ ಗೊತ್ತಾಯಿತು, ಜಿಮೇಲ್ ವಿಳಾಸವಿರುವ ಒಬ್ಬರಿಗೂ ಅದು ಮುಟ್ಟಿಲ್ಲ ಎಂದು. ಕಾರ್ಯದರ್ಶಿಗಳು ಫೋನ್ ಮಾಡಿ, "ಕಳಿಸಿದ್ದು ಸೆಂಟ್‌ನಲ್ಲಿ ಕಾಣ್ತದೆ ಸರ್, ಬಂದಿಲ್ಲ ಅಂತಾರೆ ಸದಸ್ಯರು. ಒಂದಷ್ಟು ಜನ ಬಂದಿದೆ ಅಂತಲೂ ಹೇಳ್ತಾರೆ. ಯಾರನ್ನ ನಂಬೋದು?" ಎಂದು ಕೇಳಿದರು.

ಎರಡೂ ಕಡೆಯವರು ಹೇಳಿದ್ದು ನಿಜ. ಸರ್ವರಿನ ಮೇಲ್ ಲಾಗ್ ತೆರೆದು ನೋಡಿದರೆ ಕಾರಣ ಅಲ್ಲೇ ಬರೆದಿತ್ತು. ಜಿಮೇಲ್ ಕಡೆಯಿಂದ ಬಂದ ಉತ್ತರ ಹೀಗೆ ಶುರುವಾಗುತ್ತಿತ್ತು (ಸಂಘದ ನಿಜವಾದ ವಿಳಾಸದ ಬದಲು, ಉದಾಹರಣೆಗೆಂದೇ ಮೀಸಲಿಟ್ಟ ಸಂಖ್ಯೆ ಮತ್ತು ಹೆಸರನ್ನು ಈ ಲೇಖನದುದ್ದಕ್ಕೂ ಬಳಸಿದ್ದೇನೆ):

```
550 5.7.25 [203.0.113.25] The IP address sending this
message does not have a PTR record setup ...
```

ಕಳಿಸುತ್ತಿರುವ ಐಪಿ ವಿಳಾಸಕ್ಕೆ ಪಿಟಿಆರ್ ದಾಖಲೆ ಇಲ್ಲ, ಆದ್ದರಿಂದ ಈ ಮೇಲ್ ಸ್ವೀಕರಿಸುವುದಿಲ್ಲ ಎಂದು ಇದರ ಅರ್ಥ. ಸಾಗಿಸುವಾಗ ಡೊಮೇನಿಗೆ ಸೇರಿದ ಎಲ್ಲ ದಾಖಲೆಗಳನ್ನೂ ಒಂದೂ ಬಿಡದೆ ನಕಲು ಮಾಡಿಕೊಂಡಿದ್ದರು. ಆದರೆ ಈ ಒಂದು ದಾಖಲೆ ಡೊಮೇನಿನ ಜೊತೆ ಇರುವುದೇ ಇಲ್ಲ. ಅದು ಐಪಿ ವಿಳಾಸದ ಜೊತೆ ಇರುತ್ತದೆ. ಹಳೆಯ ಸರ್ವರಿನ ವಿಳಾಸವನ್ನು ಬಿಟ್ಟುಕೊಟ್ಟಾಗ ಅದೂ ಹಳೆಯ ಕಂಪನಿಯ ಬಳಿಯೇ ಉಳಿಯಿತು.

ಡಿಎನ್‌ಎಸ್ ಎಂದರೆ ಹೆಸರಿನಿಂದ ಸಂಖ್ಯೆ ಹುಡುಕುವ ವ್ಯವಸ್ಥೆ ಎಂದು ಬಹಳ ಜನರಿಗೆ ಗೊತ್ತಿದೆ. ಬ್ರೌಸರಿನಲ್ಲಿ ಹೆಸರು ಬರೆದರೆ ಅದು 203.0.113.25ರಂಥ ಐಪಿ ಸಂಖ್ಯೆಯಾಗಿ ಬದಲಾಗುತ್ತದೆ, ಆ ಸಂಖ್ಯೆಯ ಯಂತ್ರ ಉತ್ತರ ಕೊಡುತ್ತದೆ. ಇದೇ ಕೆಲಸವನ್ನು ತಿರುಗಿಸಿ ಮಾಡುವುದು ರಿವರ್ಸ್ ಡಿಎನ್‌ಎಸ್. ಕೈಯಲ್ಲಿ ಸಂಖ್ಯೆ ಇದೆ, ಇದರ ಹೆಸರೇನು ಎಂದು ಕೇಳುವುದು. ಉತ್ತರವಾಗಿ ಸಿಗುವ ದಾಖಲೆಗೆ ಪಿಟಿಆರ್ ಎನ್ನುತ್ತಾರೆ. ಒಂದು ಮೇಲ್ ಸರ್ವರ್ ಇನ್ನೊಂದಕ್ಕೆ ಕರೆ ಮಾಡಿದಾಗ, ಕರೆ ಸ್ವೀಕರಿಸಿದ ಸರ್ವರಿಗೆ ಮೊದಲು ಗೊತ್ತಾಗುವುದು ಈ ಐಪಿ ಸಂಖ್ಯೆಯೊಂದೇ. ಉಳಿದದ್ದೆಲ್ಲ ಕರೆ ಮಾಡಿದವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಮಾತು.

ಈ ವ್ಯತ್ಯಾಸದಲ್ಲೇ ವಿಷಯದ ತಿರುಳಿದೆ. ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟರು. ಅಂದಿನ ಜಾಲದಲ್ಲಿ ಇದ್ದದ್ದು ಹೆಚ್ಚಾಗಿ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳು. ಕರೆ ಮಾಡಿದ ಸರ್ವರ್ ಮೊದಲು `HELO` ಎಂದು ಹೇಳಿ ತನ್ನ ಹೆಸರು ತಿಳಿಸಬೇಕು, ಆಮೇಲೆ ಪತ್ರ ಯಾರಿಂದ ಯಾರಿಗೆ ಎಂದು ಹೇಳಬೇಕು. ಹೇಳಿದ್ದನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಯಾವ ಯಂತ್ರವಾದರೂ ಯಾವ ಹೆಸರನ್ನಾದರೂ ಹೇಳಬಹುದಿತ್ತು, ಈಗಲೂ ಹೇಳಬಹುದು. ಮುಂದೆ ಮನೆಮನೆಯ ಕಂಪ್ಯೂಟರುಗಳು ಜಾಲಕ್ಕೆ ಬಂದವು. ಅವುಗಳಲ್ಲಿ ಅನೇಕವು ವೈರಸ್ ತಗುಲಿ, ಮಾಲೀಕರಿಗೇ ಗೊತ್ತಿಲ್ಲದಂತೆ ರಾಶಿರಾಶಿ ಸ್ಪ್ಯಾಮ್ ಕಳಿಸತೊಡಗಿದವು. ಆಗ ಸ್ವೀಕರಿಸುವ ಸರ್ವರುಗಳಿಗೆ ಒಂದು ಸುಲಭದ ಗುರುತು ಬೇಕಾಯಿತು.

ಆ ಗುರುತು ರಿವರ್ಸ್ ಡಿಎನ್‌ಎಸ್‌ನಲ್ಲಿ ಸಿಕ್ಕಿತು. ವೈರಸ್ ತಗುಲಿದ ಮನೆಯ ಕಂಪ್ಯೂಟರಿನ ಐಪಿಗೆ ಹೆಸರೇ ಇರುವುದಿಲ್ಲ. ಇದ್ದರೂ ಇಂಟರ್ನೆಟ್ ಕಂಪನಿ ತಾನಾಗಿ ಕೊಟ್ಟ, ಆ ಸಂಖ್ಯೆಯನ್ನೇ ಅಡ್ಡಗೆರೆಗಳಲ್ಲಿ ಪೋಣಿಸಿದ ಒಂದು ಉದ್ದ ಹೆಸರಿರುತ್ತದೆ. ಯಂತ್ರಕ್ಕೆ ನುಗ್ಗಿದ ಕಳ್ಳನಿಗೆ ಅದನ್ನು ಬದಲಿಸಲಾಗದು. ಬದಲಿಸುವ ಅಧಿಕಾರ ಇರುವುದು ಐಪಿ ವಿಳಾಸವನ್ನು ಪಡೆದಿರುವ ಕಂಪನಿಗೆ ಮಾತ್ರ. ಬಾಡಿಗೆ ಮನೆಯ ಹಾಗೆಂದು ತಿಳಿದರೆ ಸುಲಭ: ವಿಸಿಟಿಂಗ್ ಕಾರ್ಡಿನಲ್ಲಿ ಆ ಮನೆಯ ವಿಳಾಸ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಗೇಟಿನ ಮೇಲೆ ನಿಮ್ಮ ಹೆಸರಿನ ಬೋರ್ಡು ಹಾಕಿಸಲು ಮಾತ್ರ ಮಾಲೀಕರು ಒಪ್ಪಬೇಕು.

ಒಪ್ಪಿಗೆ ಒಂದೇ ಕಡೆಯದಾದರೂ ಸಾಲದು. ಐಪಿಯ ಒಡೆಯ ತನ್ನ ಪಿಟಿಆರ್‌ನಲ್ಲಿ ಯಾವುದೋ ದೊಡ್ಡ ಬ್ಯಾಂಕಿನ ಹೆಸರು ಬರೆದುಕೊಂಡರೆ ಅವನನ್ನು ತಡೆಯುವವರಿಲ್ಲ. ಆದ್ದರಿಂದ ಸ್ವೀಕರಿಸುವ ಸರ್ವರ್ ಎರಡು ಹೆಜ್ಜೆ ಇಡುತ್ತದೆ. ಮೊದಲು ಸಂಖ್ಯೆಯಿಂದ ಹೆಸರು ಕೇಳುತ್ತದೆ, ಬಂದ ಹೆಸರನ್ನು ಹಿಡಿದು ಮತ್ತೆ ಸಂಖ್ಯೆ ಕೇಳುತ್ತದೆ. ಶುರುವಾದ ಸಂಖ್ಯೆಗೇ ಬಂದು ನಿಂತರೆ ಅದು ಸರಿ. ಸಂಖ್ಯೆಯಿಂದ ಹೆಸರಿಗೆ ಹೋಗುವ ದಾರಿ ಐಪಿಯ ಒಡೆಯನ ಕೈಯಲ್ಲಿ, ಹೆಸರಿನಿಂದ ಸಂಖ್ಯೆಗೆ ಬರುವ ದಾರಿ ಡೊಮೇನಿನ ಒಡೆಯನ ಕೈಯಲ್ಲಿ. ಎರಡೂ ಕೂಡಿಕೊಂಡರೆ, ಇಬ್ಬರೂ ಪರಸ್ಪರ ಒಪ್ಪಿದ್ದಾರೆ ಎಂದಾಗುತ್ತದೆ. ಕದ್ದ ಯಂತ್ರದಿಂದ ಈ ಒಪ್ಪಂದ ತೋರಿಸುವುದು ಕಷ್ಟ.

ಎಷ್ಟೋ ವರ್ಷ ಇದು ಒಳ್ಳೆಯ ಅಭ್ಯಾಸ ಎಂಬಷ್ಟೇ ಆಗಿತ್ತು. ಕೆಲವು ಸರ್ವರುಗಳು ಕಟ್ಟುನಿಟ್ಟಾಗಿದ್ದವು, ಕೆಲವು ಇದನ್ನು ಸ್ಪ್ಯಾಮ್ ಅಂಕದಲ್ಲಿ ಸೇರಿಸಿ ಸುಮ್ಮನಾಗುತ್ತಿದ್ದವು. 2024ರ ಫೆಬ್ರವರಿಯಿಂದ ಗೂಗಲ್ ತನ್ನ ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವ ಎಲ್ಲರಿಗೂ, ದಿನಕ್ಕೆ ನಾಲ್ಕು ಕಳಿಸುವವರಿಗೂ, ಎರಡೂ ದಿಕ್ಕಿನ ದಾಖಲೆಗಳು ಸರಿಯಿರಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ ಸಣ್ಣ ಸಂಘ, ಶಾಲೆ, ಪತ್ರಿಕೆಗಳ ಓದುಗರಲ್ಲಿ ಹೆಚ್ಚಿನವರ ವಿಳಾಸ ಜಿಮೇಲಿನದೇ ಆಗಿರುವುದರಿಂದ, ಈ ನಿಯಮ ತಪ್ಪಿದರೆ ಮೇಲ್ ನಿಂತೇ ಹೋದ ಹಾಗೆ.

ಸಂಘದ ಕೆಲವು ಸದಸ್ಯರಿಗೆ ನೋಟಿಸು ಮುಟ್ಟಿದ್ದು ಹೇಗೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಅವರ ಮೇಲ್ ಬೇರೆ ಸೇವೆಗಳಲ್ಲಿತ್ತು, ಅಲ್ಲಿ ತಪಾಸಣೆ ಸಡಿಲವಿತ್ತು. ಇನ್ನು ಮೂರನೆಯ ಗುಂಪೊಂದಿತ್ತು, ಮುಟ್ಟಲೂ ಇಲ್ಲ, ವಾಪಸೂ ಬರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನರನ್ನು ಹೆಚ್ಚು ಸತಾಯಿಸುವುದು ಇದೇ. ಎಸ್‌ಎಂಟಿಪಿಯಲ್ಲಿ 5ರಿಂದ ಶುರುವಾಗುವ ಉತ್ತರ ಎಂದರೆ ಖಡಾಖಂಡಿತ ನಿರಾಕರಣೆ, ಮೇಲ್ ಕೂಡಲೇ ಕಳಿಸಿದವರಿಗೆ ಹಿಂದಿರುಗುತ್ತದೆ. 4ರಿಂದ ಶುರುವಾಗುವ ಉತ್ತರ ಎಂದರೆ ಈಗ ಆಗದು, ಆಮೇಲೆ ಬಾ ಎಂದು. ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ರಿವರ್ಸ್ ಡಿಎನ್‌ಎಸ್ ತಪಾಸಣೆಯನ್ನು ಹಾಕಿಟ್ಟವರು ಹೆಸರಿಲ್ಲದ ಐಪಿಗೆ ಸಾಮಾನ್ಯವಾಗಿ ಕೊಡುವ ಉತ್ತರ 450:

```
450 4.7.25 Client host rejected: cannot find your
hostname, [203.0.113.25]
```

ಡಿಎನ್‌ಎಸ್ ಒಂದು ಕ್ಷಣ ಕೈಕೊಟ್ಟಿರಲೂಬಹುದಲ್ಲ ಎಂಬ ಸದ್ಭಾವನೆಯಿಂದ ಇಟ್ಟ ಉತ್ತರ ಇದು. ಕಳಿಸುವ ಕಡೆಯ ಪೋಸ್ಟ್‌ಫಿಕ್ಸ್ ಈ ಮಾತು ಕೇಳಿ ಮೇಲನ್ನು ಸರತಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಐದು ದಿನಗಳ ತನಕ. ಮಧ್ಯೆ ಎಚ್ಚರಿಕೆ ಕೊಡು ಎಂದು ನಾವಾಗಿ ಹೇಳಿರದಿದ್ದರೆ ಅದು ಬಾಯಿಬಿಡುವುದೂ ಇಲ್ಲ. ಸಭೆಯ ದಿನ ಕಳೆದ ಮೇಲೆ ನೋಟಿಸು ವಾಪಸು ಬಂದರೆ ಏನು ಪ್ರಯೋಜನ? ಹಾಗಾಗಿ ಅನುಮಾನ ಬಂದ ಕೂಡಲೇ ಸರ್ವರಿನಲ್ಲಿ `mailq` ಎಂದು ಕೊಟ್ಟು ಸರತಿಯಲ್ಲಿ ಏನೇನು ಕೂತಿದೆ ಎಂದು ನೋಡಬೇಕು. ಅಲ್ಲಿ ಪ್ರತಿ ಮೇಲಿನ ಕೆಳಗೆ ಆಚೆ ಕಡೆಯವರು ಕೊಟ್ಟ ಕಾರಣ ಅವರ ಮಾತಿನಲ್ಲೇ ಇರುತ್ತದೆ.

ನಿಮ್ಮ ಐಪಿಗೆ ಹೆಸರಿದೆಯೇ ಎಂದು ತಿಳಿಯಲು ಒಂದು ಸಾಲು ಸಾಕು. ಲಿನಕ್ಸ್ ಅಥವಾ ಮ್ಯಾಕ್ ಯಂತ್ರದಲ್ಲಿ ಹೀಗೆ ಕೇಳಬಹುದು. ವಿಂಡೋಸಿನಲ್ಲಾದರೆ `nslookup` ಎಂದು ಬರೆದು ಮುಂದೆ ಐಪಿ ಸಂಖ್ಯೆ ಕೊಟ್ಟರೆ ಆಯಿತು.

```
dig +short -x 203.0.113.25
```

ಸಂಘದ ವಿಷಯದಲ್ಲಿ ಉತ್ತರ ಖಾಲಿ ಬಂತು. ಹೆಸರೇ ಇರಲಿಲ್ಲ. ಖಾಲಿಯಲ್ಲದೆ ಸಂಖ್ಯೆಗಳನ್ನೇ ಪೋಣಿಸಿದ, ಹೋಸ್ಟಿಂಗ್ ಕಂಪನಿಯ ಹೆಸರಿನಲ್ಲಿ ಮುಗಿಯುವ ಸಾಲೊಂದು ಬಂದರೂ ನಿಶ್ಚಿಂತರಾಗಬೇಡಿ. ಎರಡೂ ದಿಕ್ಕಿನ ತಪಾಸಣೆಯಲ್ಲಿ ಅದು ಪಾಸಾಗಬಹುದು. ಆದರೆ ಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳ ಹೆಸರೂ ಅದೇ ಬಗೆಯದು. ಅಂಥ ಹೆಸರನ್ನು ಕಂಡರೆ ಸ್ಪ್ಯಾಮ್ ಶೋಧಕಗಳು ಅಂಕ ಕೂಡಿಸುತ್ತವೆ. ಬಾಡಿಗೆಗೆ ಬಂದ ಹೊಸ ಸರ್ವರುಗಳಲ್ಲಿ ಬಹುಪಾಲು ಇದೇ ಸ್ಥಿತಿಯಲ್ಲಿರುತ್ತವೆ.

ಈ ದಾಖಲೆ ಎಲ್ಲಿರುತ್ತದೆ ಎಂಬುದು ತಿಳಿದರೆ ಯಾರನ್ನು ಕೇಳಬೇಕು ಎಂಬುದು ತಾನಾಗಿ ತಿಳಿಯುತ್ತದೆ. 203.0.113.25 ಎಂಬ ಸಂಖ್ಯೆಯ ಹೆಸರನ್ನು ಕೇಳಿದಾಗ ಡಿಎನ್‌ಎಸ್ ನಿಜವಾಗಿ ಹುಡುಕುವುದು `25.113.0.203.in-addr.arpa` ಎಂಬ ಹೆಸರನ್ನು. ಸಂಖ್ಯೆಗಳು ಹಿಂದುಮುಂದಾಗಿರುವುದು ಕೈತಪ್ಪಲ್ಲ. ಡೊಮೇನ್ ಹೆಸರಿನಲ್ಲಿ ದೊಡ್ಡ ವ್ಯಾಪ್ತಿ ಬಲತುದಿಯಲ್ಲಿರುತ್ತದೆ, ಐಪಿ ಸಂಖ್ಯೆಯಲ್ಲಿ ಎಡತುದಿಯಲ್ಲಿ. ಎರಡನ್ನೂ ಒಂದೇ ಏಣಿಯಲ್ಲಿ ಕೂರಿಸಬೇಕಾದರೆ ಒಂದನ್ನು ತಿರುಗಿಸಲೇಬೇಕು. ಆ ಏಣಿಯ ತುದಿಯಲ್ಲಿ ಜಾಗತಿಕ ಸಂಸ್ಥೆಗಳಿವೆ. 203ರಿಂದ ಶುರುವಾಗುವ ಸಂಖ್ಯೆಗಳನ್ನು ಏಷ್ಯಾ ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆ ಎಪ್‌ನಿಕ್ ನೋಡಿಕೊಳ್ಳುತ್ತದೆ, ಅದರ ಕಚೇರಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದೆ. ಭಾರತದೊಳಗೆ ಐಪಿ ವಿಳಾಸ ಹಂಚಲು ಐಆರ್‌ಐಎನ್‌ಎನ್ ಎಂಬ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯೂ ಇದೆ. ಇವರಿಂದ ಒಂದು ಗುಚ್ಛ ಸಂಖ್ಯೆ ಪಡೆದ ಹೋಸ್ಟಿಂಗ್ ಕಂಪನಿಗೆ, ಆ ಗುಚ್ಛದ ರಿವರ್ಸ್ ದಾಖಲೆ ಬರೆಯುವ ಹಕ್ಕೂ ಜೊತೆಗೇ ಸಿಗುತ್ತದೆ.

ನೀವು ಡೊಮೇನ್ ಕೊಂಡ ಅಂಗಡಿ ಈ ಸರಪಳಿಯಲ್ಲಿ ಎಲ್ಲೂ ಬರುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಡೊಮೇನಿನ ಡಿಎನ್‌ಎಸ್ ಪುಟದಲ್ಲಿ ದಾಖಲೆಯ ಬಗೆಗಳ ಪಟ್ಟಿಯಲ್ಲಿ ಪಿಟಿಆರ್ ಕೂಡ ಕಾಣುತ್ತದೆ. ಅದನ್ನು ಆರಿಸಿ, ಹೆಸರು ತುಂಬಿ, ಸೇವ್ ಮಾಡಿದರೆ ಪುಟ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಆದರೆ ಜಗತ್ತಿನ ಯಾವ ಮೇಲ್ ಸರ್ವರೂ ಐಪಿಯ ಹೆಸರು ಕೇಳಲು ಆ ಜಾಗಕ್ಕೆ ಬರುವುದಿಲ್ಲ. ಸಂಘದ ಡಿಎನ್‌ಎಸ್ ಪುಟದಲ್ಲೂ ಅಂಥದ್ದೊಂದು ಸಾಲಿತ್ತು. ಅದನ್ನು ಅಳಿಸಿ ಹಾಕಿದೆವು, ಮುಂದೆ ನೋಡುವವರಿಗೆ ಗೊಂದಲವಾಗದಿರಲಿ ಎಂದು.

ಇನ್ನು ಕೆಲಸ ಮಾಡುವ ಕ್ರಮ. ಮೊದಲು ಮೇಲ್ ಸರ್ವರಿಗೆ ಒಂದು ಹೆಸರು ಗೊತ್ತುಮಾಡಿಕೊಳ್ಳಬೇಕು, ನಿಮ್ಮ ಡೊಮೇನಿನ ಕೆಳಗೆ `mail.example.org` ಎಂಬಂತೆ. ಡೊಮೇನಿನ ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಎ ದಾಖಲೆ ಹಾಕಿ ಸರ್ವರಿನ ಐಪಿಗೆ ತೋರಿಸಬೇಕು. ಇದು ನಿಮ್ಮ ಕೈಯಲ್ಲಿರುವ ಅರ್ಧ. ಇದನ್ನು ಮೊದಲು ಮಾಡುವುದಕ್ಕೆ ಕಾರಣವಿದೆ. ಲಿನೋಡ್, ಅಮೆಜಾನಿನಂಥ ಕಂಪನಿಗಳು ಈ ಹೆಸರು ಆ ಐಪಿಗೆ ತೋರಿಸುತ್ತಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಪಿಟಿಆರ್ ಬರೆಯಲು ಬಿಡುತ್ತವೆ. ಆಮೇಲೆ ಸರ್ವರ್ ಒಳಗೆ ಮೇಲ್ ತಂತ್ರಾಂಶವೂ ಇದೇ ಹೆಸರು ಹೇಳಿಕೊಳ್ಳುವಂತೆ ಮಾಡಬೇಕು. ಪೋಸ್ಟ್‌ಫಿಕ್ಸ್‌ನಲ್ಲಿ ಇದು `myhostname` ಎಂಬ ಸಾಲು:

```
postconf -e 'myhostname = mail.example.org'
systemctl restart postfix
```

ಹೇಳಿಕೊಳ್ಳುವ ಹೆಸರು, ಪಿಟಿಆರ್, ಎ ದಾಖಲೆ ಮೂರರಲ್ಲೂ ಒಂದೇ ಹೆಸರಿರಬೇಕೆಂದು ಎಲ್ಲರೂ ಕಡ್ಡಾಯ ಮಾಡುವುದಿಲ್ಲ. ಆದರೂ ಮೂರನ್ನೂ ಒಂದೇ ಮಾಡಿಟ್ಟುಬಿಡಿ ಎನ್ನುವುದು ನನ್ನ ಸಲಹೆ. ಬೇರೆಬೇರೆ ಇಟ್ಟು ಆಗುವ ಲಾಭ ಯಾವುದೂ ಇಲ್ಲ, ಮುಂದೆ ತಪ್ಪು ಹುಡುಕುವಾಗ ತಲೆನೋವು ಮಾತ್ರ ಇರುತ್ತದೆ.

ಈಗ ಕಂಪನಿಯ ಕೈಯಲ್ಲಿರುವ ಅರ್ಧ. ಟಿಕೆಟ್ ಬರೆಯುವ ಮುನ್ನ ಅವರ ನಿಯಂತ್ರಣ ಪುಟವನ್ನು ಸಾವಧಾನವಾಗಿ ನೋಡಿ, ಎಷ್ಟೋ ಕಡೆ ಈ ಸೌಲಭ್ಯ ಅಲ್ಲೇ ಇರುತ್ತದೆ. ಹೆಟ್ಜ್‌ನರ್, ವಲ್ಟರ್, ಲಿನೋಡ್ ಇವುಗಳಲ್ಲಿ ಸರ್ವರಿನ ನೆಟ್‌ವರ್ಕ್ ಅಥವಾ ಸೆಟ್ಟಿಂಗ್ಸ್ ಭಾಗದಲ್ಲಿ, ಐಪಿ ವಿಳಾಸದ ಪಕ್ಕದಲ್ಲೇ ರಿವರ್ಸ್ ಡಿಎನ್‌ಎಸ್ ಎಂಬ ಜಾಗ ಸಿಗುತ್ತದೆ. ಡಿಜಿಟಲ್ ಓಷನ್ನಿನಲ್ಲಿ ಅಂಥ ಜಾಗವಿಲ್ಲ. ಅಲ್ಲಿ ಸರ್ವರಿಗೆ ನೀವು ಇಟ್ಟ ಹೆಸರೇ ಪಿಟಿಆರ್ ಆಗುತ್ತದೆ. ಆದ್ದರಿಂದ ಸರ್ವರಿನ ಹೆಸರನ್ನೇ `mail.example.org` ಎಂದು ಬದಲಿಸಬೇಕು, ಇದು ಗೊತ್ತಿಲ್ಲದೆ ದಿನಗಟ್ಟಲೆ ಹುಡುಕಿದವರಿದ್ದಾರೆ. ಅಮೆಜಾನಿನಲ್ಲಿ ಮೊದಲು ಎಲಾಸ್ಟಿಕ್ ಐಪಿ ಎಂಬ ಸ್ಥಿರ ವಿಳಾಸ ಪಡೆದಿರಬೇಕು.

ನಮ್ಮ ಊರುಗಳ ಸಣ್ಣ ಹೋಸ್ಟಿಂಗ್ ಕಂಪನಿಗಳಲ್ಲಿ, ಕಚೇರಿಗೆ ಲೀಸ್ಡ್ ಲೈನ್ ಕೊಡುವ ಇಂಟರ್ನೆಟ್ ಕಂಪನಿಗಳಲ್ಲಿ ಮತ್ತು ರೀಸೆಲ್ಲರುಗಳಲ್ಲಿ ಇಂಥ ಪುಟ ಇರುವುದು ಕಡಿಮೆ. ಅಲ್ಲಿ ಟಿಕೆಟ್ ಅಥವಾ ಮೇಲ್ ಬರೆದೇ ಕೇಳಬೇಕು. ಸಂಘದ ಸರ್ವರೂ ಇಂಥದೇ ಒಂದು ಕಡೆ ಇತ್ತು. ಟಿಕೆಟನ್ನು ಮೊದಲು ಓದುವವರು ದಿನಕ್ಕೆ ನೂರಾರು ತರಹದ ದೂರು ನೋಡುತ್ತಿರುತ್ತಾರೆ. ಮೇಲ್ ಹೋಗುತ್ತಿಲ್ಲ ಎಂದು ಬರೆದರೆ ಪಾಸ್‌ವರ್ಡ್ ಸರಿಯಿದೆಯೇ ಎಂಬಲ್ಲಿಂದ ಶುರು ಮಾಡುತ್ತಾರೆ. ಆದ್ದರಿಂದ ವಿಷಯದ ಸಾಲಿನಲ್ಲೇ ಪಿಟಿಆರ್ ದಾಖಲೆಗೆ ವಿನಂತಿ ಎಂದು ಬರೆದು, ಪಕ್ಕದಲ್ಲಿ ಐಪಿ ಸಂಖ್ಯೆ ಹಾಕಿ. ಒಳಗೆ ನಿಮ್ಮ ಗ್ರಾಹಕ ಸಂಖ್ಯೆ ಅಥವಾ ಸರ್ವರಿನ ಗುರುತು ಕೊಟ್ಟು, ಇದು ನಮಗೆ ಹಂಚಿಕೆಯಾದ ಸ್ಥಿರ ಐಪಿ, ಇದರಿಂದ ನಮ್ಮ ಸಂಸ್ಥೆಯ ಮೇಲ್ ಹೊರಹೋಗುತ್ತದೆ, ಇದಕ್ಕೆ ಕೆಳಗಿನ ರಿವರ್ಸ್ ದಾಖಲೆ ಬರೆಯಿರಿ, ಎ ದಾಖಲೆಯನ್ನು ನಾವು ಈಗಾಗಲೇ ಹಾಕಿದ್ದೇವೆ ಎಂದು ನಾಲ್ಕು ಸಾಲು ಸಾಕು. ಕೊನೆಯಲ್ಲಿ ಮುಖ್ಯ ವಿವರವನ್ನು ಯಾರೂ ತಪ್ಪಾಗಿ ಓದದ ಹಾಗೆ ಬಿಡಿಬಿಡಿಯಾಗಿ ಕೊಡಿ:

```
IP:   203.0.113.25
PTR:  mail.example.org
A:    mail.example.org -> 203.0.113.25
```

ಟಿಕೆಟನ್ನು ಖಾತೆಯಲ್ಲಿ ನೋಂದಾಯಿತವಾದ ಮೇಲ್ ವಿಳಾಸದಿಂದ, ಇಲ್ಲವೇ ಲಾಗಿನ್ ಆದ ಪುಟದಿಂದಲೇ ಕಳಿಸಿ. ಯಾರೋ ಹೊರಗಿನವರು ಕೇಳಿದರೆಂದು ಕಂಪನಿ ಐಪಿಯ ಹೆಸರು ಬದಲಿಸುವುದಿಲ್ಲ, ಬದಲಿಸಲೂಬಾರದು. ಸಂಘದ ಮೊದಲ ಟಿಕೆಟ್ ಇದೇ ಕಾರಣಕ್ಕೆ ಮುಚ್ಚಿಹೋಯಿತು. ಅದನ್ನು ಕಳಿಸಿದ್ದು ಕಚೇರಿಯ ಹುಡುಗನೊಬ್ಬನ ಸ್ವಂತ ಜಿಮೇಲಿನಿಂದ.

ಎರಡನೆಯ ಟಿಕೆಟಿಗೆ ಬಂದ ಉತ್ತರ ಬಹಳ ಕಡೆ ಬರುವಂಥದೇ: "ಡಿಎನ್‌ಎಸ್ ದಾಖಲೆಗಳನ್ನು ನಿಮ್ಮ ಡೊಮೇನ್ ಕೊಂಡ ಕಡೆ ನೀವೇ ಹಾಕಿಕೊಳ್ಳಬಹುದು." ಉತ್ತರಿಸಿದವರು ಎ ದಾಖಲೆಗೂ ಪಿಟಿಆರ್‌ಗೂ ವ್ಯತ್ಯಾಸ ಮಾಡಿರಲಿಲ್ಲ. ಇಲ್ಲಿ ವಾದ ಬೆಳೆಸುವುದಕ್ಕಿಂತ ಪುರಾವೆ ಮುಂದಿಡುವುದು ಒಳ್ಳೆಯದು. ಹೆಸರಿಲ್ಲದ ಐಪಿಯ ಬಗ್ಗೆ ಹೀಗೆ ಕೇಳಿದರೆ, ಆ ಸಂಖ್ಯೆಯ ರಿವರ್ಸ್ ವಲಯ ಯಾರ ಕೈಯಲ್ಲಿದೆ ಎಂದು ಡಿಎನ್‌ಎಸ್ ತಾನೇ ಹೇಳುತ್ತದೆ:

```
dig +noall +authority -x 203.0.113.25
```

ಬಂದ ಸಾಲಿನಲ್ಲಿ `SOA` ಎಂಬುದರ ಮುಂದೆ ಹೋಸ್ಟಿಂಗ್ ಕಂಪನಿಯ ನೇಮ್ ಸರ್ವರಿನ ಹೆಸರಿತ್ತು. ಅದನ್ನು ಹಾಗೆಯೇ ಟಿಕೆಟಿಗೆ ಅಂಟಿಸಿ, ಈ ವಲಯ ನಿಮ್ಮ ಸರ್ವರಿನಲ್ಲಿದೆ, ದಯವಿಟ್ಟು ನಿಮ್ಮ ನೆಟ್‌ವರ್ಕ್ ವಿಭಾಗಕ್ಕೆ ಕಳಿಸಿ ಎಂದು ಬರೆದೆವು. ಟಿಕೆಟ್ ಮೇಲಿನವರಿಗೆ ಹೋಯಿತು, ಸಂಜೆಯೊಳಗೆ ಕೆಲಸವಾಯಿತು. ಒಂದೊಮ್ಮೆ ಅಲ್ಲಿ ಬೇರೆ ಕಂಪನಿಯ ಹೆಸರು ಕಂಡರೆ, ನಿಮಗೆ ಸರ್ವರ್ ಕೊಟ್ಟವರು ಅವರಿಂದ ಐಪಿ ಪಡೆದ ರೀಸೆಲ್ಲರ್ ಎಂದು ತಿಳಿಯಬೇಕು. ಆಗಲೂ ನೀವು ಬರೆಯಬೇಕಾದದ್ದು ರೀಸೆಲ್ಲರಿಗೇ. ಮೂಲ ಕಂಪನಿಗೆ ನೀವು ಗ್ರಾಹಕರಲ್ಲ, ಅವರು ನಿಮ್ಮ ಮಾತು ಕೇಳುವುದಿಲ್ಲ. ರೀಸೆಲ್ಲರ್ ಅವರಿಗೆ ದಾಟಿಸಬೇಕಾದ್ದರಿಂದ ಎರಡು ಮೂರು ದಿನ ಹೆಚ್ಚು ಹಿಡಿಯಬಹುದು.

ನಮ್ಮಿಂದ ಆಗದು ಎಂದೇ ಹೇಳುವ ಕಂಪನಿಗಳೂ ಇವೆ. ಒಂದೇ ಐಪಿಯಲ್ಲಿ ನೂರಾರು ವೆಬ್‌ಸೈಟ್ ಇಟ್ಟಿರುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ನಿಮ್ಮೊಬ್ಬರ ಹೆಸರು ಬರೆಯುವುದು ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಅಲ್ಲಿ ಕಂಪನಿಯ ಮೇಲ್ ಸರ್ವರಿನ ಹೆಸರು ಸರಿಯಿದ್ದರೆ ಆಯಿತು. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ದಿನಕ್ಕೊಂದು ಐಪಿ ಬದಲಾಗುತ್ತಿದ್ದರೆ, ಅಥವಾ ನೂರಾರು ಮನೆಗಳು ಒಂದೇ ಐಪಿಯ ಹಿಂದೆ ಇದ್ದರೆ, ಅಲ್ಲಿಂದ ನೇರವಾಗಿ ಮೇಲ್ ಕಳಿಸುವ ಯೋಚನೆಯನ್ನೇ ಬಿಡಬೇಕು. ಎಷ್ಟೋ ಕ್ಲೌಡ್ ಕಂಪನಿಗಳು ಮೇಲ್ ಹೊರಹೋಗುವ 25ನೇ ಪೋರ್ಟನ್ನು ಹೊಸ ಗ್ರಾಹಕರಿಗೆ ಮುಚ್ಚಿಟ್ಟಿರುತ್ತವೆ ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಮುಚ್ಚಿದ್ದರೆ ಪಿಟಿಆರ್ ಎಷ್ಟು ಚಂದವಿದ್ದರೂ ಮೇಲ್ ಹೊರಗೆ ಕಾಲಿಡದು. ಅದನ್ನು ತೆರೆಯುವ ವಿನಂತಿಯನ್ನೂ ಅದೇ ಟಿಕೆಟಿನಲ್ಲಿ ಸೇರಿಸಬಹುದು. ತೆರೆಯುವುದಿಲ್ಲ ಎಂದರೆ, ಮೇಲ್ ಕಳಿಸುವುದೇ ಕಸುಬಾಗಿರುವ ಸೇವೆಯೊಂದರ ಮೂಲಕ ಕಳಿಸುವುದು ಉಳಿದ ದಾರಿ. ಆಗ ಆಚೆ ಕಡೆಯವರಿಗೆ ಕಾಣುವುದು ಆ ಸೇವೆಯ ಐಪಿ, ಅದರ ಪಿಟಿಆರ್ ಅವರ ಜವಾಬ್ದಾರಿ.

ಟಿಕೆಟಿಗೆ ಆಯಿತು ಎಂಬ ಉತ್ತರ ಬಂದ ಮೇಲೆ ನೀವೇ ಪರೀಕ್ಷಿಸಿ. ಮೊದಲು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿ, ಬಂದ ಹೆಸರಿನಿಂದ ಹಿಂದಕ್ಕೂ ಬನ್ನಿ:

```
dig +short -x 203.0.113.25
mail.example.org.
dig +short A mail.example.org
203.0.113.25
```

ಕೂಡಲೇ ಹೊಸ ಹೆಸರು ಕಾಣದಿದ್ದರೆ ಗಾಬರಿ ಬೇಡ. ಹಿಂದೆ ಕೇಳಿದಾಗ ಸಿಕ್ಕ ಉತ್ತರವನ್ನು, ಹೆಸರಿಲ್ಲ ಎಂಬ ಉತ್ತರವನ್ನೂ ಸೇರಿಸಿ, ನಡುವಿನ ಡಿಎನ್‌ಎಸ್ ಸರ್ವರುಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತವೆ. ಕೆಲವೊಮ್ಮೆ ಒಂದು ದಿನ ಕಾಯಬೇಕಾಗುತ್ತದೆ. ಹೆಸರಿನ ಕೊನೆಗೊಂದು ಚುಕ್ಕೆ ಕಾಣುತ್ತದಲ್ಲ, ಅದು ಅಲ್ಲಿರಬೇಕಾದದ್ದೇ. ಆದರೆ ವಲಯದ ಕಡತವನ್ನು ಕೈಯಾರೆ ತಿದ್ದುವ ಕಂಪನಿಗಳಲ್ಲಿ ಆ ಚುಕ್ಕೆ ಮರೆತರೆ ಹೆಸರಿನ ಬಾಲಕ್ಕೆ ವಲಯದ ಹೆಸರೂ ಅಂಟಿಕೊಂಡು `mail.example.org.113.0.203.in-addr.arpa.` ಎಂದು ಬರುತ್ತದೆ. ಇಂಥದ್ದು ಕಂಡರೆ ಕೊನೆಯ ಚುಕ್ಕೆ ಬಿಟ್ಟುಹೋಗಿದೆ ಎಂದು ಒಂದು ಸಾಲು ಬರೆಯಿರಿ, ಅವರಿಗೆ ತಕ್ಷಣ ಅರ್ಥವಾಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಬರುವುದು ನಿಜವಾದ ಒಂದು ಮೇಲ್ ಕಳಿಸಿ ನೋಡಿದಾಗ. ನಿಮ್ಮದೇ ಜಿಮೇಲ್ ಖಾತೆಗೆ ಸರ್ವರಿನಿಂದ ಒಂದು ಪತ್ರ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಗಳ ಪಟ್ಟಿಯಲ್ಲಿ `Show original` ಒತ್ತಿ. ಮೇಲ್ ಯಾವ ದಾರಿಯಲ್ಲಿ ಬಂತೆಂಬ ಸಾಲುಗಳ ನಡುವೆ ಇದು ಸಿಗುತ್ತದೆ:

```
Received: from mail.example.org
 (mail.example.org. [203.0.113.25])
 by mx.google.com
```

ಮೊದಲು ಬರುವ ಹೆಸರು ನಿಮ್ಮ ಸರ್ವರ್ ತಾನೇ ಹೇಳಿಕೊಂಡದ್ದು. ಆವರಣದೊಳಗಿನ ಹೆಸರು ಗೂಗಲ್ ಸ್ವತಃ ಐಪಿಯಿಂದ ಹುಡುಕಿಕೊಂಡದ್ದು. ಎರಡೂ ಒಂದೇ ಆಗಿದ್ದರೆ ಕೆಲಸ ಮುಗಿಯಿತು. ಚೌಕದ ಆವರಣದಲ್ಲಿರುವ ಸಂಖ್ಯೆಯನ್ನೂ ಬಿಡದೆ ನೋಡಿ. ಆಚೆ ಕಡೆಗೆ ನಿಜವಾಗಿ ಕಂಡ ಐಪಿ ಅದು. ನೀವು ಹೆಸರು ಹಾಕಿಸಿದ ಐಪಿಯೇ ಅದಾಗಿದೆಯೇ?

ಸಂಘದಲ್ಲಿ ಅದಾಗಿರಲಿಲ್ಲ. ಪಿಟಿಆರ್ ಬಂದ ಮೇಲೂ ಜಿಮೇಲಿಗೆ ಹೋದ ಮೇಲ್ ತಿರುಗಿ ಬಂತು. ಲಾಗಿನಲ್ಲಿ ಈಗ ಬೇರೆ ಥರದ ಉದ್ದ ವಿಳಾಸವಿತ್ತು, ಎರಡು ಚುಕ್ಕೆಗಳಿಂದ ಬಿಡಿಸಿದ `2001:db8::25` ಎಂಬಂಥದ್ದು. ಹೊಸ ಸರ್ವರಿಗೆ ಕಂಪನಿ ಹಳೆಯ ಮಾದರಿಯ ಐಪಿಯ ಜೊತೆಗೆ ಐಪಿವಿ6 ವಿಳಾಸವನ್ನೂ ಕೊಟ್ಟಿತ್ತು, ಹಳೆಯ ಸರ್ವರಿಗೆ ಅದು ಇರಲಿಲ್ಲ. ಗೂಗಲಿನ ಸರ್ವರುಗಳಿಗೂ ಐಪಿವಿ6 ಇರುವುದರಿಂದ ಪೋಸ್ಟ್‌ಫಿಕ್ಸ್ ಒಮ್ಮೊಮ್ಮೆ ಆ ದಾರಿ ಹಿಡಿಯುತ್ತಿತ್ತು, ಆ ವಿಳಾಸಕ್ಕೆ ಹೆಸರಿರಲಿಲ್ಲ. ಐಪಿವಿ6ನಲ್ಲಿ ರಿವರ್ಸ್ ದಾಖಲೆ `ip6.arpa` ಎಂಬ ಬೇರೆ ಮರದಲ್ಲಿರುತ್ತದೆ, ಅದಕ್ಕೆ ಪ್ರತ್ಯೇಕವಾಗಿ ಕೇಳಬೇಕು, ಹೆಸರಿಗೆ ಎಎಎಎ ದಾಖಲೆಯನ್ನೂ ಹಾಕಬೇಕು. ಸಭೆ ಹತ್ತಿರವಾಗಿದ್ದರಿಂದ ಅಷ್ಟು ಕಾಯುವ ಹಾಗಿರಲಿಲ್ಲ. ಪೋಸ್ಟ್‌ಫಿಕ್ಸ್‌ಗೆ ಹಳೆಯ ದಾರಿಯೊಂದನ್ನೇ ಬಳಸು ಎಂದು ಹೇಳಿ ಮತ್ತೆ ಚಾಲೂ ಮಾಡಿದೆವು:

```
postconf -e 'inet_protocols = ipv4'
```

ಸರತಿಯಲ್ಲಿ ಕೂತಿದ್ದ ಮೇಲ್‌ಗಳೆಲ್ಲ `postqueue -f` ಎಂದು ಕೊಟ್ಟ ಕೂಡಲೇ ಹೊರಟವು. ಖಡಾಖಂಡಿತವಾಗಿ ವಾಪಸು ಬಂದಿದ್ದ ನೋಟಿಸುಗಳನ್ನು ಮಾತ್ರ ಕಚೇರಿಯವರು ಹೊಸದಾಗಿ ಕಳಿಸಬೇಕಾಯಿತು.

ಪಿಟಿಆರ್ ಬಗ್ಗೆ ಕೇಳಿಬರುವ ಒಂದು ಭಯವನ್ನು ಇಲ್ಲಿ ಬಿಡಿಸಬೇಕು. ಸಂಘದ ಸರ್ವರಿನಲ್ಲೇ ಅದರ ಪತ್ತಿನ ವಿಭಾಗದ ಇನ್ನೊಂದು ಡೊಮೇನೂ ಇತ್ತು. ಅದಕ್ಕೂ ಬೇರೆ ಪಿಟಿಆರ್ ಬೇಕಲ್ಲವೇ ಎಂದು ಕಾರ್ಯದರ್ಶಿಗಳು ಕೇಳಿದರು. ಬೇಕಿಲ್ಲ. ಪಿಟಿಆರ್ ಹೇಳುವುದು ಯಂತ್ರದ ಹೆಸರನ್ನು, ಪತ್ರ ಬರೆದವರ ಹೆಸರನ್ನಲ್ಲ. ಒಂದು ಸರ್ವರಿನಿಂದ ಹತ್ತು ಡೊಮೇನುಗಳ ಮೇಲ್ ಹೋದರೂ ಐಪಿಗೆ ಒಂದೇ ಹೆಸರು ಸಾಕು. ಒಂದೇ ಐಪಿಗೆ ನಾಲ್ಕಾರು ಪಿಟಿಆರ್ ಬರೆಸಿದರೆ ಯಾವ ಸರ್ವರಿಗೆ ಯಾವ ಹೆಸರು ಸಿಗುತ್ತದೆ ಎಂದು ಹೇಳಲಾಗದು, ಅದರಿಂದ ತೊಂದರೆಯೇ ಹೆಚ್ಚು. ಈ ಪತ್ರವನ್ನು ಕಳಿಸಲು ಈ ಯಂತ್ರಕ್ಕೆ ಡೊಮೇನಿನ ಅನುಮತಿಯಿದೆಯೇ ಎಂಬುದನ್ನು ಎಸ್‌ಪಿಎಫ್ ಮತ್ತು ಡಿಕೆಐಎಂ ಎಂಬ ಬೇರೆ ದಾಖಲೆಗಳು ಹೇಳುತ್ತವೆ. ಅವು ಡೊಮೇನಿನ ಡಿಎನ್‌ಎಸ್‌ನಲ್ಲೇ ಇರುತ್ತವೆ, ಪ್ರತಿ ಡೊಮೇನಿಗೂ ಬೇರೆಬೇರೆ ಬೇಕು. ಪಿಟಿಆರ್ ಸರಿಯಾದ ಮಾತ್ರಕ್ಕೆ ಮೇಲ್ ಇನ್‌ಬಾಕ್ಸಿಗೇ ಬೀಳುತ್ತದೆ ಎಂಬ ಖಾತರಿಯಿಲ್ಲ. ಅದೇ ಐಪಿಯನ್ನು ನಿಮಗಿಂತ ಮೊದಲು ಬಳಸಿದವರು ಸ್ಪ್ಯಾಮ್ ಕಳಿಸಿ ಕಪ್ಪುಪಟ್ಟಿಗೆ ಸೇರಿಸಿದ್ದರೆ, ಎಷ್ಟು ಒಳ್ಳೆಯ ಹೆಸರಿಟ್ಟರೂ ಆ ಕಳಂಕ ಹೋಗುವುದಿಲ್ಲ. ಆಗ ಬೇರೆ ಐಪಿ ಕೊಡಿ ಎಂದು ಕೇಳುವುದೇ ಸರಿಯಾದ ದಾರಿ, ಕೊಟ್ಟ ಮೇಲೆ ಅದಕ್ಕೂ ಪಿಟಿಆರ್ ಹೊಸದಾಗಿ ಬರೆಸಬೇಕು.

ಸರ್ವರ್ ಬದಲಿಸುವ ಯೋಚನೆ ಇರುವವರು ಹಳೆಯದನ್ನು ಬಿಡುವ ಮುನ್ನವೇ ಹೊಸ ಐಪಿಗೆ ಪಿಟಿಆರ್ ಹಾಕಿಸಿಕೊಳ್ಳಬೇಕು. ಹೊಸ ಐಪಿಗೆ `mail2` ಎಂಬಂಥ ಬೇರೆ ಹೆಸರು ಕೊಟ್ಟರೆ ಹಳೆಯದಕ್ಕೆ ಕೈಹಚ್ಚದೆ ಎರಡನ್ನೂ ಅಕ್ಕಪಕ್ಕ ನಡೆಸಬಹುದು. ಹೊಸದರಿಂದ ಕಳಿಸಿದ ಪತ್ರದ ದಾರಿಯ ಸಾಲು ಸರಿಯಾಗಿ ಕಂಡ ಮೇಲೆಯೇ ಎಲ್ಲ ಮೇಲನ್ನೂ ಅಲ್ಲಿಗೆ ತಿರುಗಿಸಿದರಾಯಿತು. ಕ್ಲೌಡಿನಲ್ಲಿ ಸರ್ವರನ್ನು ಅಳಿಸಿ ಮತ್ತೆ ಕಟ್ಟಿದರೂ, ಬಾಡಿಗೆ ಕಟ್ಟುವುದು ತಪ್ಪಿ ಖಾತೆ ನಿಂತುಹೋಗಿ ಮತ್ತೆ ಶುರುವಾದರೂ ಐಪಿ ಬದಲಾಗಿರುವ ಸಾಧ್ಯತೆ ಇರುತ್ತದೆ. ಅಂಥ ದಿನ ವೆಬ್‌ಸೈಟ್ ತೆರೆದುಕೊಂಡಿತೇ ಎಂದು ನೋಡುವಾಗ `dig -x` ಎಂದೂ ಒಮ್ಮೆ ಕೇಳಿಬಿಡಿ.